ಲೋಕಯ್ಯನ ಶನಿವಾರದ ಕಾರು

ಲೋಕಯ್ಯ ಮಣ್ಣಗುಡ್ಡದವನು. ಅವನ ತಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಲೋಕಯ್ಯ ಹಂಪನಕಟ್ಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರು ಅವನದಲ್ಲ, ಬಂದರಿನ ಝಕರಿಯಾ ಸಾಹೇಬರದು. ಆದರೆ ಅದನ್ನು ತೊಳೆದು ಒರೆಸುವ ರೀತಿ ನೋಡಿದವರು ಅವನದೇ ಎಂದುಕೊಳ್ಳುತ್ತಿದ್ದರು. ನಾನು ಹೇಳುವುದು ಮೂವತ್ತಾರನೆಯ ಇಸವಿಯ ಮಾತು. ಆಗ ನಾನು ಜೆಪ್ಪುವಿನ ಡಾಕ್ಟರ್ ಜೊಕಿಮ್‌ರ ಮನೆಯಲ್ಲಿ ಅಡುಗೆಗೆ ಇದ್ದೆ. ಗಂಡ ತೀರಿಹೋಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಜೆಪ್ಪುವಿನಿಂದ ಮಾರ್ಕೆಟಿಗೆ, ಮಾರ್ಕೆಟಿನಿಂದ ಜೆಪ್ಪುವಿಗೆ, ಅಷ್ಟೇ ನನ್ನ ದಾರಿ.

ಊರಿನಲ್ಲಿ ಬಸ್ಸುಗಳು ಹೆಚ್ಚಾಗುತ್ತಿದ್ದವು. ಬಾಡಿಗೆ ಕಾರು ಹತ್ತುವವರು ಕಡಿಮೆಯಾಗುತ್ತಿದ್ದರು. ಝಕರಿಯಾ ಸಾಹೇಬರು ಲೋಕಯ್ಯನನ್ನು ಕರೆದು, ಕ್ರಿಸ್ಮಸ್ಸಿನ ಒಳಗೆ ಕಾರಿಗೆ ಖಾಯಂ ಗಿರಾಕಿ ಸಿಗದಿದ್ದರೆ ಮಾರಿಬಿಡುತ್ತೇನೆ ಎಂದು ಹೇಳಿದ್ದರಂತೆ. ಮಾರಿದರೆ ಲೋಕಯ್ಯನಿಗೆ ಸ್ಟಿಯರಿಂಗ್ ಬಿಟ್ಟು ಮತ್ತೆ ಗಾಡಿಯ ಹಗ್ಗ ಹಿಡಿಯುವುದೇ ಗತಿ. ಅವನು ಯೋಚನೆ ಮಾಡಿದ. ವಾರವಿಡೀ ಬಿಡುವಿಲ್ಲದ ಡಾಕ್ಟರು, ವಕೀಲರು, ಬ್ಯಾಂಕಿನವರು ಊರಿನಲ್ಲಿ ಬೇಕಾದಷ್ಟು ಇದ್ದರು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಅವರನ್ನು ಹತ್ತಿರದ ಒಂದು ಊರಿಗೆ ಕರೆದುಕೊಂಡು ಹೋಗಿ ಬರುವುದು. ಊಟ, ಮಲಗುವ ಜಾಗ ಎಲ್ಲ ಇವನೇ ನೋಡಿ ಇಡುವುದು. ಆ ಕಾಲಕ್ಕೆ ಅದು ಹೊಸತು. ನೆಂಟರಿಲ್ಲದ ಊರಿಗೆ ಸುಮ್ಮನೆ ಹೋಗಿ ಒಂದು ರಾತ್ರಿ ಇದ್ದು ಬರುವುದು ಎಂದರೆ ಜನ ನಗುತ್ತಿದ್ದರು.

ಅವನು ಮೊದಲು ಬಂದದ್ದು ನಮ್ಮ ಮನೆಗೆ. ಜಗಲಿಯ ಕೆಳಗೆ ನಿಂತು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು ಹೇಳಿದ.

“ಡಾಕ್ಟ್ರೇ, ಉತ್ತರಕ್ಕೆ ಸುರತ್ಕಲ್ ಉಂಟು. ಆದರೆ ಕೂಳೂರಿನಲ್ಲಿ ಕಾರನ್ನು ಜಂಗಲ್‌ಗೆ ಹತ್ತಿಸಬೇಕು. ಎರಡು ದೋಣಿ ಕಟ್ಟಿದ ಆ ಜಂಗಲ್ ನೀರಿನ ಇಳಿತಕ್ಕೆ ಕಾಯ್ತಾ ಕೂತರೆ ನಿಮ್ಮ ಅರ್ಧ ದಿನ ಹೊಳೆಯಲ್ಲೇ ಹೋಯಿತು. ಉಳ್ಳಾಲಕ್ಕೂ ಹಾಗೆ, ನೇತ್ರಾವತಿ ದಾಟಬೇಕು. ಗುರುಪುರದಲ್ಲಿ ಸೇತುವೆ ಉಂಟು. ಸೀದಾ ಮೂಡಬಿದ್ರೆ, ಇಪ್ಪತ್ತೆರಡು ಮೈಲು. ಸಾವಿರ ಕಂಬದ ಬಸದಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿಯ ನಿಮ್ಮ ಇಗರ್ಜಿಯಲ್ಲಿ ಪೂಜೆ ಉಂಟು, ಅದನ್ನೂ ಕೇಳಿಕೊಂಡು ಬಂದಿದ್ದೇನೆ.”

ಡಾಕ್ಟರು, “ನನಗೆ ಪುರುಸೊತ್ತು ಎಲ್ಲಿ ಮಾರಾಯ?” ಎಂದರು.

ಡಾಕ್ಟರರ ಹೆಂಡತಿ ಮಾರ್ಸೆಲಿನ್ ಬಾಯಮ್ಮ ಒಳಗಿನಿಂದ ಬಂದರು. “ಅದಕ್ಕೇ ಹೋಗುವುದು. ನಿಮಗೆ ರಾತ್ರಿ ನಿದ್ದೆ ಉಂಟಾ? ಹನ್ನೊಂದಕ್ಕೆ ಒಬ್ಬ ಬಾಗಿಲು ಬಡೀತಾನೆ, ಮೂರಕ್ಕೆ ಇನ್ನೊಬ್ಬ. ಲೋಕಯ್ಯ, ನಾವು ಬರ್ತೇವೆ. ದೇಯಿಯೂ ಬರಲಿ, ಬೆಳಿಗ್ಗೆ ಕಾಫಿಗೆ.”

ದೇಯಿ ಎಂದರೆ ನಾನು. ನನ್ನ ಹೆಸರು ಕೇಳಿದ ಕೂಡಲೇ ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಡಾಕ್ಟರರ ಸ್ನೇಹಿತ ವಕೀಲ ಬೋಜರೂ ಸೇರಿಕೊಂಡರು. ಶನಿವಾರ ಎರಡು ಗಂಟೆಗೆ ಹೊರಡುವುದು ಎಂದು ಮಾತಾಯಿತು. ಲೋಕಯ್ಯ ಮೂಡಬಿದ್ರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಸದಿಯ ಹತ್ತಿರದ ಒಂದು ಜೈನರ ಮನೆಗೆ ಹೇಳಿ ಕಳುಹಿಸಿದ. ಐದು ಜನರಿಗೆ ಸಂಜೆಯ ಊಟ, ಚಾವಡಿಯಲ್ಲಿ ಮಲಗಲು ಚಾಪೆ.

ಶನಿವಾರ ಎರಡಕ್ಕೆ ಸರಿಯಾಗಿ ಕಾರು ನಮ್ಮ ಗೇಟಿನಲ್ಲಿತ್ತು. ಡಾಕ್ಟರು ಎರಡೂವರೆಗೆ ಹೊರಬಂದರು. ವಕೀಲರ ಆಫೀಸಿಗೆ ಹೋದರೆ ಮೆಟ್ಟಿಲ ಮೇಲೆಲ್ಲ ಕಕ್ಷಿಗಾರರು. ಅಂದು ಕೋರ್ಟು ಇರಲಿಲ್ಲ. ಅದಕ್ಕೇ ಹಳ್ಳಿಯವರೆಲ್ಲ ಅವತ್ತು ಬಂದಿದ್ದರು. ಲೋಕಯ್ಯ ಕಾರಿನ ಗಾಜು ಒರೆಸಿದ. ಮತ್ತೆ ಒರೆಸಿದ. ಆಕಾಶ ನೋಡಿದ. ಕಾರಿನಲ್ಲಿ ಕುಳಿತಿದ್ದ ನಾನು, “ಎಂತ ಲೋಕಯ್ಯ, ಒಳಗೆ ಹೋಗಿ ಒಂದು ಮಾತು ಹೇಳಿ ಬಾ” ಎಂದೆ.

“ದೊಡ್ಡವರನ್ನು ಬೇಗ ಹೊರಡಿ ಅಂತ ಹೇಗೆ ಹೇಳುವುದು ದೇಯಕ್ಕ? ಅವರೇ ಬರ್ತಾರೆ” ಎಂದ.

ವಕೀಲರು ಬಂದಾಗ ನಾಲ್ಕೂಮುಕ್ಕಾಲು. ಗುರುಪುರದ ಸೇತುವೆ ದಾಟಿ ಏರು ಹತ್ತುವಾಗ ಕಾರಿನ ಇಂಜಿನು ಕಾದುಹೋಯಿತು. ನಿಲ್ಲಿಸಿ ನೀರು ಹೊಯ್ದು, ಆರಿದ ಮೇಲೆ ಮತ್ತೆ ಹೊರಟೆವು. ಹಿಂದಿನ ಸೀಟಿನವರು ನಗುತ್ತ ಮಾತಾಡುತ್ತ ಇದ್ದರು. ಮುಂದೆ ಲೋಕಯ್ಯನ ಪಕ್ಕದಲ್ಲಿ ಹಾಸಿಗೆಯ ಕಟ್ಟು ಹಿಡಿದು ಕುಳಿತವಳು ನಾನು. ಅವನು ಬಲಗಡೆಯ ಮರಗಳ ತುದಿಯಲ್ಲಿ ಬಿಸಿಲು ಉಂಟೋ ಇಲ್ಲವೋ ಎಂದು ನೋಡುವುದು ನನಗೆ ಕಾಣುತ್ತಿತ್ತು. ಯಾಕೆಂದು ತಿಳಿಯಲಿಲ್ಲ.

ಮೂಡಬಿದ್ರೆ ಮುಟ್ಟಿದಾಗ ಸೂರ್ಯ ಮುಳುಗಿ ಕಾಲು ಗಂಟೆಯಾಗಿತ್ತು. ಆ ಮನೆಯ ಯಜಮಾನಿ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಬೇಸರವೇ.

“ಐದು ಎಲೆ ಹಾಕಿ ಕಾದೆ. ಐದೂವರೆಯವರೆಗೂ ಕಾದೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ. ಮಾಡಿದ ಅಡುಗೆಯನ್ನು ಆಳುಗಳಿಗೆ ಕೊಟ್ಟಾಯಿತು. ಲೋಕಯ್ಯ, ನಿನಗೆ ಗೊತ್ತಿರಲಿಲ್ಲವಾ?”

“ಗೊತ್ತಿತ್ತಮ್ಮ” ಎಂದ ಲೋಕಯ್ಯ.

ವಕೀಲರು ತಿರುಗಿದರು. “ಗೊತ್ತಿತ್ತಾ? ಗೊತ್ತಿದ್ದೂ ಬಾಯಿಗೆ ಬೀಗ ಹಾಕಿ ಕೂತದ್ದಾ?”

“ತಪ್ಪು ನನ್ನದೇ ವಕೀಲ್ರೇ. ಸೂರ್ಯ ಮುಳುಗುವ ಮೊದಲು ಮುಟ್ಟಬೇಕು ಅಂತ ನಾನು ಮೊದಲೇ ಹೇಳಬೇಕಿತ್ತು. ನಾಚಿಕೆಯಾಯಿತು.”

“ಹೊಟ್ಟೆಗೆ ನಾಚಿಕೆ ಇಲ್ಲವಲ್ಲ ಮಾರಾಯ!” ಎಂದರು ವಕೀಲರು. ಡಾಕ್ಟರು ಸಿಟ್ಟಿನಲ್ಲಿ ಕಾರಿನ ಕಡೆ ತಿರುಗಿ ನಿಂತರು. ಲೋಕಯ್ಯನ ಮುಖ ನೋಡಿದರೆ, ಕಾರು ಆಗಲೇ ಮಾರಿಹೋದ ಹಾಗಿತ್ತು.

ಯಜಮಾನಿ, “ನಾನು ಕೈಯಾರೆ ಕೊಡುವ ಹಾಗಿಲ್ಲ. ಚಾವಡಿಯಲ್ಲಿ ಬಾಳೆಗೊನೆ ತೂಗುತ್ತದೆ. ನೀವೇ ಕಿತ್ತುಕೊಳ್ಳಿ” ಎಂದು ಒಳಗೆ ಹೋದರು. ಎಲ್ಲರೂ ಬಾಳೆಹಣ್ಣು ತಿಂದು ನೀರು ಕುಡಿದರು. ಲೋಕಯ್ಯ ಒಂದನ್ನೂ ಮುಟ್ಟಲಿಲ್ಲ.

ಡಾಕ್ಟರು ಚಾಪೆಯ ಮೇಲೆ ಸುಮ್ಮನೆ ಅಡ್ಡವಾದರು. ನಾನು ಹಾಸಿಗೆ ಬಿಚ್ಚಿ ಹಾಸುವ ಮೊದಲೇ ಅವರಿಗೆ ನಿದ್ದೆ ಬಂದಿತ್ತು. ಬಾಗಿಲು ಬಡಿಯುವವರಿಲ್ಲ. ಎಂಟು ಗಂಟೆಗೆ ಮಲಗಿದವರನ್ನು ಬೆಳಿಗ್ಗೆ ಆರೂವರೆಗೆ, ಪೂಜೆಗೆ ಹೊತ್ತಾಯಿತು ಎಂದು ಬಾಯಮ್ಮ ಅಲುಗಿಸಿ ಎಬ್ಬಿಸಬೇಕಾಯಿತು. ಬಾಯಮ್ಮ ಅಂಗಳಕ್ಕೆ ಬಂದು ಹೇಳಿದರು, “ದೇಯಿ, ನನಗೆ ಮದುವೆಯಾಗಿ ಹದಿಮೂರು ವರ್ಷ. ಇವರು ಇಷ್ಟು ಹೊತ್ತು ನಿದ್ದೆ ಮಾಡಿದ್ದು ನಾನು ನೋಡಿಯೇ ಇಲ್ಲ.”

ಬೆಳಗಾದ ಮೇಲೆ ಯಜಮಾನಿಯ ಕೈಗೆ ತಡೆ ಇರಲಿಲ್ಲ. ಪೂಜೆ ಮುಗಿಸಿ ಬಂದವರಿಗೆ ನೀರುದೋಸೆ, ಕಾಯಿಹಾಲು, ಬೆಲ್ಲ. ಅವರು ಬಡಿಸಿದ ರೀತಿ ನೋಡಿದರೆ ರಾತ್ರಿಯದನ್ನೂ ಸೇರಿಸಿಯೇ ಬಡಿಸಿದ ಹಾಗಿತ್ತು. ವಕೀಲರು ಹದಿನಾಲ್ಕು ದೋಸೆ ತಿಂದರು, ನಾನು ಎಣಿಸಿದ್ದೇನೆ.

ಆಮೇಲೆ ಬಸದಿ. ನಾನು ಗೇಟಿನ ಹೊರಗೆ ಚಪ್ಪಲಿಗಳ ಹತ್ತಿರ ಕುಳಿತೆ. ಹಾಸಿಗೆ ಕಟ್ಟು ತಂದವಳು ಎಂದು ನನ್ನ ಲೆಕ್ಕ. ಲೋಕಯ್ಯ ಅಲ್ಲಿಯ ಅರ್ಚಕರನ್ನು ಕೇಳಿ ಬಂದ.

“ಏಳಿ ದೇಯಕ್ಕ. ಹೊರಗಿನ ಮಂಟಪದವರೆಗೆ ಬರಬಹುದಂತೆ.”

“ನಾನು ಎಂತ ನೋಡುವುದು?”

“ಕಂಬ. ಒಂದರ ಹಾಗೆ ಇನ್ನೊಂದು ಇಲ್ಲ. ಇದ್ದರೆ ತೋರಿಸಿ, ನಿಮಗೆ ಒಂದು ಸೋಡಾ ಕುಡಿಸ್ತೇನೆ.”

ನಾನು ಒಂದೊಂದೇ ಕಂಬ ನೋಡಿದೆ. ಮುಟ್ಟಿಯೂ ನೋಡಿದೆ. ಒಂದರಲ್ಲಿ ಹೂವಿನ ಬಳ್ಳಿ, ಒಂದರಲ್ಲಿ ಗಂಟು ಹಾಕಿದ ಹಗ್ಗದ ಹಾಗೆ ಕೆತ್ತನೆ, ಒಂದರಲ್ಲಿ ಕುಣಿಯುವವರು. ಕಲ್ಲು ತಣ್ಣಗೆ ಇತ್ತು. ಒಂದು ಗಂಟೆ ಹುಡುಕಿದರೂ ಸೋಡಾ ಸಿಗಲಿಲ್ಲ. ಗಂಡ ಹೋದ ಮೇಲೆ, ‘ನೀನೂ ನೋಡು’ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಲೋಕಯ್ಯ ಕರೆದ. ಅದೂ ತನ್ನ ಕೆಲಸ ಹೋಗುತ್ತದೆ ಎಂದು ಹೆದರಿಕೊಂಡಿದ್ದ ದಿನವೇ.

ಹಿಂದಿರುಗಿ ಬರುವಾಗ ಅವನು ಗುರುಪುರದ ಸೇತುವೆಯ ಹತ್ತಿರ ಕಾರು ನಿಲ್ಲಿಸಿದ. ಹಿಂದಕ್ಕೆ ತಿರುಗಿ ಹೇಳಿದ.

“ಒಂದು ಮಾತು ಕೇಳಿ. ನಾನು ಮೈಲು ಎಣಿಸಿದೆ, ಅದೇ ತಪ್ಪು. ನಿಮ್ಮ ಹಾಗೆ ಕೆಲಸ ಇರುವವರಿಗೆ ಮೈಲು ಎಣಿಸಬಾರದು. ಕೊನೆಗೆ ಹೊರಡುವವರು ಎಷ್ಟು ಗಂಟೆಗೆ ಹೊರಡ್ತಾರೆ, ಅಲ್ಲಿಂದ ಎಣಿಸಬೇಕು. ಎರಡಕ್ಕೆ ಹೊರಟರೆ ಕಾರ್ಕಳದವರೆಗೂ ಹೋಗಬಹುದು. ಮೂರಾದರೆ ಮೂಡಬಿದ್ರೆ. ಐದಾದರೆ ಇಲ್ಲಿ ಗುರುಪುರ, ಒಂಬತ್ತೇ ಮೈಲು. ಆ ಹೊಳೆಯ ದಡದ ಹಂಚಿನ ಮನೆ ಮಾಯಿಲಪ್ಪನದು, ಮೀನು ಹಿಡಿಯುವವರು. ಅವರ ಒಲೆ ಒಂಬತ್ತರವರೆಗೂ ಉರೀತದೆ. ಇನ್ನು ನಾನು ಶುಕ್ರವಾರವೇ ಬಂದು ನಿಮ್ಮ ಹೊತ್ತು ಕೇಳ್ತೇನೆ. ತಡವಾದರೆ ಒಳಗೆ ಬಂದು ಹೇಳ್ತೇನೆ. ನೀವು ಬೈದರೂ ಸರಿ.”

ವಕೀಲರು, “ಇನ್ನೊಮ್ಮೆ ಬರ್ತೇವೆ ಅಂತ ಯಾರು ಹೇಳಿದ್ದು?” ಎಂದರು. ಲೋಕಯ್ಯ ಕಾರು ಮುಂದಕ್ಕೆ ಬಿಟ್ಟ. ಡಾಕ್ಟರು ಕಿಟಕಿಯಿಂದ ಹೊಳೆ ನೋಡುತ್ತಿದ್ದರು.

ಸೋಮವಾರ, ಮಂಗಳವಾರ, ಬುಧವಾರ ಮನೆಯಲ್ಲಿ ಆ ಮಾತೇ ಬರಲಿಲ್ಲ. ಗುರುವಾರ ಬೆಳಿಗ್ಗೆ ಡಾಕ್ಟರು ಕಾಫಿ ಕುಡಿಯುತ್ತ ಕೇಳಿದರು, “ಆ ಗುರುಪುರದ ಮನೆಯಲ್ಲಿ ಬಾಗಿಲು ಬಡಿಯುವವರು ಇರ್ತಾರಾ?”

ಬಾಯಮ್ಮ ನನ್ನ ಕಡೆ ನೋಡಿದರು. “ದೇಯಿ, ಹಂಪನಕಟ್ಟೆಗೆ ಹೋಗಿ ಹೇಳಿ ಬಾ, ಶನಿವಾರ ಐದಕ್ಕೆ. ಈಗಲೇ.”

ನಾನು ಮಾರ್ಕೆಟಿನ ಚೀಲ ಹಿಡಿದುಕೊಂಡೇ ಓಡಿದೆ. ಕಾರಿನ ಹತ್ತಿರ ಝಕರಿಯಾ ಸಾಹೇಬರು ನಿಂತಿದ್ದರು. ಜೊತೆಯಲ್ಲಿ ಬೇರೆ ಊರಿನವರೊಬ್ಬರು ಇಂಜಿನಿನ ಮುಚ್ಚಳ ಎತ್ತಿ ಒಳಗೆ ನೋಡುತ್ತಿದ್ದರು. ಲೋಕಯ್ಯ ಸ್ವಲ್ಪ ದೂರದಲ್ಲಿ, ಬಟ್ಟೆಯ ತುಂಡು ಕೈಯಲ್ಲಿ ಹಿಡಿದು ನಿಂತಿದ್ದ. ಒರೆಸುತ್ತಿರಲಿಲ್ಲ.

“ಲೋಕಯ್ಯ, ಶನಿವಾರಕ್ಕೆ ಡಾಕ್ಟರು ಕಾರು ಹೇಳಿದ್ದಾರೆ” ಎಂದೆ. ಏದುಸಿರು ಬರುತ್ತಿತ್ತು.

ಅವನು ನಗಲಿಲ್ಲ. “ವಕೀಲರು ಎಷ್ಟು ಗಂಟೆಗೆ ಬಿಡ್ತಾರಂತೆ?” ಎಂದು ಕೇಳಿದ.

“ವಕೀಲರು ಬರ್ತಾರೋ ಇಲ್ಲವೋ ಗೊತ್ತಿಲ್ಲ. ಡಾಕ್ಟರು ಐದಕ್ಕೆ.”

“ಐದಕ್ಕಾದರೆ ಗುರುಪುರ.”

ಝಕರಿಯಾ ಸಾಹೇಬರು ನನ್ನನ್ನು ನೋಡಿದರು. “ಈ ಶನಿವಾರ ಮಾತ್ರವಾ, ಬರುವ ಶನಿವಾರವೂ ಉಂಟಾ?”

ಅದನ್ನು ನನಗೆ ಯಾರೂ ಹೇಳಿ ಕಳುಹಿಸಿರಲಿಲ್ಲ. ಆದರೆ ಡಾಕ್ಟರು ಮಲಗಿದ್ದ ರೀತಿ ನಾನು ನೋಡಿದ್ದೆ. “ಉಂಟು ಸಾಹೇಬರೇ” ಎಂದೆ.

ಅವರು ಆ ಪರವೂರಿನವರ ಹೆಗಲ ಮೇಲೆ ಕೈಯಿಟ್ಟು, “ಬನ್ನಿ, ಚಾ ಕುಡಿಯುವ. ಕಾರು ಈಗ ಕೊಡುವುದಿಲ್ಲ” ಎಂದು ಕರೆದುಕೊಂಡು ಹೋದರು. ಲೋಕಯ್ಯ ತೆರೆದಿದ್ದ ಮುಚ್ಚಳವನ್ನು ಮೆಲ್ಲ ಮುಚ್ಚಿದ.

ಆ ಶನಿವಾರ ಐದೂಕಾಲಿಗೆ ವಕೀಲರೂ ಬಂದರು. ಹೊರಡುವ ಮೊದಲೇ “ಊಟ ಎಷ್ಟು ಹೊತ್ತಿಗೆ?” ಎಂದು ಕೇಳಿದರು. ಮಾಯಿಲಪ್ಪನ ಮನೆಯಲ್ಲಿ ಮೀನುಸಾರು, ಕುಚ್ಚಲಕ್ಕಿ ಅನ್ನ. ಡಾಕ್ಟರು ಹೊಳೆಯ ಕಡೆ ಕಾಲು ಚಾಚಿ ಮಲಗಿದರು. ಅಲ್ಲಿಂದ ಮುಂದೆ ಆರು ವರ್ಷ, ಮಳೆಗಾಲ ಬಿಟ್ಟು, ಆ ಕಾರು ಶನಿವಾರ ಖಾಲಿ ನಿಂತದ್ದು ಕಡಿಮೆ. ಬ್ಯಾಂಕಿನವರು ಬಂದರು, ಶಾಲೆಯ ಮಾಸ್ತರರು ಬಂದರು. ಲೋಕಯ್ಯ ಪ್ರತಿ ಶುಕ್ರವಾರ ಮನೆಮನೆಗೆ ಹೋಗಿ, ಕೊನೆಗೆ ಹೊರಡುವವರು ಯಾರು ಎಂದು ಕೇಳಿಯೇ ಊರು ಹೇಳುತ್ತಿದ್ದ. ಯುದ್ಧದಲ್ಲಿ ಪೆಟ್ರೋಲಿಗೆ ಕೂಪನ್ ಬಂತು. ಆಗ ಕಾರಿನ ಹಿಂದೆ ಇದ್ದಿಲಿನ ಗ್ಯಾಸಿನ ಡಬ್ಬಿ ಕಟ್ಟಿದ. ಅರ್ಧ ಗಂಟೆ ಗಾಳಿ ಹಾಕಿ ಬೆಂಕಿ ಹಿಡಿಸಿದರೆ ಗುರುಪುರದವರೆಗೆ ಹೋಗುತ್ತಿತ್ತು, ಆಚೆಯ ಏರು ಹತ್ತುತ್ತಿರಲಿಲ್ಲ. ಗುರುಪುರವೇ ಸಾಕು ಎಂದರು ಡಾಕ್ಟರು.

ಡಾಕ್ಟರು ಈಗಲೂ ಇದ್ದಾರೆ, ಗಟ್ಟಿಮುಟ್ಟಾಗಿ. ಅದು ಲೋಕಯ್ಯ ಕೊಟ್ಟ ನಿದ್ದೆಯ ಫಲ ಎಂದು ಬಾಯಮ್ಮ ಹೇಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಕಾರ್ಕಳದ ಗೊಮ್ಮಟನನ್ನು ನೋಡಿದ್ದೇನೆ, ಪಾಣೆಮಂಗಳೂರಿನ ಸೇತುವೆ ನೋಡಿದ್ದೇನೆ, ವೇಣೂರು ನೋಡಿದ್ದೇನೆ. ಒಂದು ಸಲವೂ ಲೋಕಯ್ಯ ನನ್ನನ್ನು ಚಪ್ಪಲಿಗಳ ಹತ್ತಿರ ಕೂರಲು ಬಿಡಲಿಲ್ಲ. ಅವನಿಗೆ ನಾನು ಇದನ್ನು ಎದುರಿಗೆ ಹೇಳಿದವಳಲ್ಲ. ಹೇಳಿದ್ದರೆ ಅವನು ಗಾಜು ಒರೆಸಲು ಹೋಗುತ್ತಿದ್ದ. ಅದಕ್ಕೆ ಬರೆದಿಟ್ಟಿದ್ದೇನೆ.