ಗುಂಡಿ ಬಿದ್ದ ಜಾಗ

ಬಂಗೂರನಗರದಲ್ಲಿ ನನಗೂ ಪಕ್ಕದ ಮನೆಯ ಗೆಳೆಯನಿಗೂ ಒಂದೇ ಅಳತೆಯ ಕೋಣೆ, ಒಂದೇ ಜಾತಿಯ ಸ್ಪೀಕರ್. ಆದರೂ ಅವನಲ್ಲಿ ತಬಲಾದ ಎಡಗೈಯ ಡಗ್ಗಾ ತುಂಬಿ ಕೇಳುತ್ತಿತ್ತು, ನನ್ನಲ್ಲಿ ಟೊಳ್ಳು. ಹೊಟ್ಟೆಕಿಚ್ಚಿಗೆ ಸದ್ದು ಅಳೆಯುವ ಮೈಕ್ ತರಿಸಿದೆ. ನಾನು ಕೂತು ಕೇಳುವ ಕುರ್ಚಿಯ ಮೇಲೆ, ಕಿವಿಯ ಎತ್ತರಕ್ಕಿಟ್ಟು ಅಳೆದಾಗ ಗ್ರಾಫಿನಲ್ಲಿ ಮಂದ್ರದ ಕಡೆ ಆಳವಾದ ಗುಂಡಿ ಕಂಡಿತು. ಸಾಫ್ಟ್‌ವೇರಿನಲ್ಲಿ ಅಲ್ಲಿಯ ಸದ್ದನ್ನಷ್ಟೇ ಏರಿಸಿದೆ. ಗುಂಡಿ ಸ್ವಲ್ಪವಷ್ಟೇ ತುಂಬಿತು, ಸ್ಪೀಕರ್ ಬಡಬಡಿಸತೊಡಗಿತು.

ಗೆಳೆಯ ಬಂದು ನೋಡಿ ನಕ್ಕ. "ಗ್ವಾಡಿಗೆ ಬಡದು ತಿರುಗಿ ಬಂದ ಸದ್ದು, ನೇರ ಬರೂ ಸದ್ದನ್ನ ಇಲ್ಲಿ ನುಂಗತೈತಿ. ನೀ ಒಂದನ್ನ ಏರಿಸಿದ್ರ ಇನ್ನೊಂದೂ ಏರತೈತಿ. ಕುರ್ಚಿ ಸರಸೋ ಮಾರಾಯಾ."

ಇಬ್ಬರೂ ಸೇರಿ ಕುರ್ಚಿಯನ್ನು ಒಂದು ಮೊಳ ಮುಂದೆ ಸರಿಸಿ ತಬಲಾ ಹಾಕಿದೆವು. ನಾನು ಕೂಡುವ ಮೊದಲೇ ಅವನು ಕೂತ, ಕಣ್ಣು ಮುಚ್ಚಿದ. ನಾನು ಅವನ ಬೆನ್ನ ಹಿಂದೆ, ಕುರ್ಚಿ ಮೊದಲಿದ್ದ ಜಾಗದಲ್ಲಿ, ಕಿವಿ ಅದೇ ಎತ್ತರಕ್ಕೆ ಬರುವಂತೆ ಬಗ್ಗಿ ನಿಂತೆ. ಡಗ್ಗಾ ಟೊಳ್ಳಾಗಿಯೇ ಕೇಳುತ್ತಿತ್ತು.

"ಭಾಳ ಛಲೋ ಐತಿ," ಅಂದ, ನನ್ನದೇ ಕುರ್ಚಿಯಲ್ಲಿ.