ಕುಂದಾಬಾಯಿಯ ಒಂದು ನಿಮಿಷದ ಟ್ರೇಲರ್

ಮಾಲವಣದ ಕರಾವಳಿಯಲ್ಲಿ ಮದುವೆ ವಿಡಿಯೊ ಮಾಡಿಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೆಳಗಾವಿಯಿಂದ ಬಂದವನು ಎಂಬುದನ್ನು ಈಗ ನನ್ನ ಹೆಂಡತಿ ಮಾತ್ರ ಜಗಳದಲ್ಲಿ ನೆನಪಿಸುತ್ತಾಳೆ. ಇಷ್ಟಾದರೂ ಸಮುದ್ರವನ್ನು ನಾನು ನೋಡಿದ್ದು ವಧೂವರರ ಹಿಂದಿನ ಪರದೆಯ ಹಾಗೆ ಅಷ್ಟೆ. ಕಣ್ಣು ತೆರೆಸಿದವರು ಕುಂದಾಬಾಯಿ ಮಯೇಕರ್. ಅವರ ಮಾತನ್ನೂ ಇಲ್ಲಿಯವರ ಮಾತನ್ನೂ ನಾನು ನನ್ನ ಬೆಳಗಾವಿ ಕನ್ನಡದಲ್ಲೇ ಹೇಳುತ್ತೇನೆ.

ನಮ್ಮ ಕೇರಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವರು ಅವರು; ಇಲ್ಲಿ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ. ಮಕ್ಕಳು ಕಡಿಮೆಯಾದರೆಂದು ಶಾಲೆ ಮುಚ್ಚಿತು, ಬಾಯಿ ನಿವೃತ್ತರಾದರು. ಮೀನುಗಾರರ ಮಕ್ಕಳೆಲ್ಲ ಈಗ ಬಸ್ಸು ಹತ್ತಿ ಪೇಟೆ ಶಾಲೆಗೆ ಹೋಗುತ್ತಾರೆ. ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಸಮುದ್ರವನ್ನು ಪುಸ್ತಕದ ಚಿತ್ರದಲ್ಲಿ ಕಲಿಯುತ್ತಿದ್ದಾರಲ್ಲ ಎಂಬ ಸಂಕಟ ಬಾಯಿಗೆ ತಡೆಯಲಾಗಲಿಲ್ಲ. ಒಂದು ಯೂಟ್ಯೂಬ್ ಚಾನೆಲ್ ತೆರೆದು ನನ್ನ ಬಾಗಿಲಿಗೆ ಬಂದರು.

"ಬಸೂ, ಒಂದು ಟ್ರೇಲರ್ ಬೇಕಂತ. ಮಾಡಿಕೊಡು."

ಚಂದಾದಾರರಾಗದ ಹೊಸಬರು ಪುಟಕ್ಕೆ ಬಂದರೆ ಮೊದಲು ಕಾಣುವುದು ಅದೇ. ತಾನಾಗಿಯೇ ಓಡತೊಡಗುತ್ತದೆ. ಮೊದಲ ನಾಲ್ಕೈದು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮುಂದಕ್ಕೆ ಹೋಯಿತೆಂದೇ ಲೆಕ್ಕ. ಬಾಯಿ ಬರೆದು ತಂದದ್ದು ನಮಸ್ಕಾರದಿಂದ ಶುರುವಾಗಿ, ತಮ್ಮ ಪದವಿ, ಶಾಲೆಯ ಇತಿಹಾಸ ಮುಗಿಸಿ, ಸಮುದ್ರ ಮುಟ್ಟುವಷ್ಟರಲ್ಲಿ ನಿಮಿಷ ಮುಗಿದಿತ್ತು.

"ಇದನ್ನ ಮಕ್ಕಳು ನೋಡ್ತಾವೇನ್ರಿ ಬಾಯಿ?" ಎಂದೆ.

"ನನ್ನ ಎದುರಿಗೆ ಕೂತಾಗ ನೋಡ್ತಿದ್ವು."

"ಆಗ ನೀವು ಬಾಗಿಲು ಹಾಕ್ತಿದ್ರಿ."

ನಕ್ಕರು. ಮರುದಿನ ಬೆಳಿಗ್ಗೆ ನೀರು ಇಳಿದಾಗ ಬಂಡೆಗಳ ಮೇಲೆ ಕರೆದೊಯ್ದರು. ಕೈಯಲ್ಲಿ ತಳಕ್ಕೆ ಗಾಜು ಅಂಟಿಸಿದ ತಗಡಿನ ಡಬ್ಬಿ. ಬಂಡೆಯ ನಡುವೆ ಉಳಿದ ಗುಂಡಿ ನೀರಿಗೆ ಅದನ್ನು ಒತ್ತಿ, "ನೋಡು" ಎಂದರು. ಕಾಲು ಕೊಯ್ಯುವ, ನಾನು ಬೈದುಕೊಂಡು ದಾಟುವ ಬಂಡೆಗಂಟಿದ ಆ ಚೂಪು ಬಿಳಿ ಚಿಪ್ಪುಗಳೆಲ್ಲ ತೆರೆದುಕೊಂಡಿದ್ದವು, ಒಳಗೆ ಜೀವವಿತ್ತು. ಒಂದೊಂದರಿಂದಲೂ ಕೂದಲಿನಷ್ಟು ತೆಳು ಕಾಲುಗಳ ಗೊಂಚಲು ಹೊರಬಂದು ನೀರನ್ನು ಬಾಚಿ ಒಳಗೆ ಹೋಗುತ್ತಿತ್ತು. ಇಡೀ ಬಂಡೆಯೇ ಉಣ್ಣುತ್ತಿತ್ತು. ಕ್ಯಾಮೆರಾ ಒತ್ತುವುದು ನೆನಪಾದದ್ದು ಎಷ್ಟೋ ಹೊತ್ತಿನ ಮೇಲೆ.

"ಇಷ್ಟು ವರ್ಷ ಇದರ ಮ್ಯಾಲೆ ನಡದೀನಲ್ರಿ," ಎಂದೆ.

"ನಾನೂ ಇಷ್ಟು ವರ್ಷ ನೋಡೀನಿ. ಇನ್ನೂ ಸಾಕಾಗಿಲ್ಲ," ಎಂದರು ಬಾಯಿ. ಆ ಮುಖ ನೋಡಿ ನನಗೆ ಕೈ ಮುಗಿಯಬೇಕೆನಿಸಿತು.

ಟ್ರೇಲರಿನ ಮೊದಲ ತುಣುಕು ಅದೇ ಆಯಿತು. ಮಾತಿಲ್ಲ, ಸಂಗೀತವಿಲ್ಲ, ಬಾಚುವ ಕಾಲುಗಳು ಮಾತ್ರ. ಆಮೇಲೆ ಹಳೆಯ ಚಿಪ್ಪು ಬಿಟ್ಟು ಹೊಸದಕ್ಕೆ ನುಸುಳುವ ಏಡಿ. ಕಲ್ಲಿನ ಬಣ್ಣ ತಾಳಿ ಕಣ್ಣೆದುರೇ ಮಾಯವಾಗುವ ಪುಟ್ಟ ಆಕ್ಟೋಪಸ್. ಅದರ ಮೇಲೆ ಬಾಯಿಯ ದನಿ: "ಇದೆಲ್ಲಾ ನಿಮ್ಮ ಮನೀ ಮುಂದೇ ಐತಿ. ಹೆಸರು ಆಮೇಲೆ ಕಲಿಯೋಣ, ಮೊದಲು ನೋಡೋಣ." ಕೊನೆಗೆ ನಾನು ರೂಢಿಯಂತೆ ದಪ್ಪ ಅಕ್ಷರದಲ್ಲಿ ಹಾಕಿದೆ: ಪ್ರತಿ ಭಾನುವಾರ ಹೊಸ ಪಾಠ.

ಅದನ್ನು ನೋಡಿದ್ದೇ ಬಾಯಿ ಕೆಂಡವಾದರು.

"ಭಾನುವಾರ ಅಂತ ಯಾರು ಹೇಳಿದ್ರು ನಿನಗ?"

"ಎಲ್ಲಾ ಚಾನೆಲ್‌ನವರೂ ಇಂಥಾ ವಾರ ಅಂತ ಹೇಳ್ತಾರ್ರಿ. ಜನಕ್ಕ ನೆನಪಿರತೈತಿ."

"ಬರೋ ಭಾನುವಾರ ಅಷ್ಟಮಿ. ಅವತ್ತು ನೀರು ಅಷ್ಟು ಹಿಂದ ಸರಿಯಂಗಿಲ್ಲ, ಈ ಬಂಡೆ ಮುಳುಗೇ ಇರತೈತಿ. ಏನ್ ತೋರಸ್ಲಿ, ನನ್ನ ತಲಿ? ಸಮುದ್ರ ನಿನ್ನ ಕ್ಯಾಲೆಂಡರ್ ನೋಡಿ ರಜಾ ಹಾಕತೈತೇನು?"

"ಇವತ್ತು ತೆಗೆದದ್ದನ್ನ ಕೂಡಿಟ್ಟು ಹಾಕಿದ್ರಾತು."

"ನೋಡಿದ ಹುಡುಗ ಎದ್ದು ಬಂಡೆಗೆ ಓಡಿದ್ರ? ಅಲ್ಲಿ ಬರೇ ನೀರು ಇದ್ರ? ಬಾಯಿ ಸುಳ್ಳು ಹೇಳಿದ್ಲು ಅಂತಾನ. ಇನ್ನೊಮ್ಮೆ ಬರಂಗಿಲ್ಲ ಅವ."

ಆಗ ನನಗೆ ತಿಳಿಯಿತು. ಬಾಯಿಗೆ ಬೇಕಾದದ್ದು ಕೂತು ನೋಡುವವರಲ್ಲ, ಎದ್ದು ಬಂಡೆಗೆ ಹೋಗುವವರು. ನಾನು ಅಕ್ಷರ ಅಳಿಸಿದೆ. ಅವರೇ ಕ್ಯಾಮೆರಾದ ಎದುರು ನಿಂತು ಮುಗಿಸಿದರು: "ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರ ದೂರ ಸರಿದಾಗ ಬರ್ತೀನಿ. ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ ಇಡ್ರಿ. ನೀರು ಇಳಿಯೋ ಹೊತ್ತು ತಿಳಿಸಿ ಕರೀತೀನಿ. ದೊಡ್ಡವರನ್ನ ಕರಕೊಂಡೇ ಬರ್ರಿ."

ಹಾಕಿದ ಮೇಲೆ ದಿನವೂ ಹೋಗಿ ನೋಡುತ್ತಿದ್ದೆ. ಚಂದಾದಾರರು ಬೆರಳೆಣಿಕೆಯಷ್ಟು. ಒಂದು ಮೆಚ್ಚುಗೆಯ ಮಾತೂ ಬರಲಿಲ್ಲ. ಬಾಯಿ ಕೇಳಿದರೆ ಏನು ಹೇಳಲಿ ಎಂದು ಹಾದಿ ಬದಲಿಸಿ ಓಡಾಡಿದೆ.

ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಪಾಠ ತೆಗೆಯಲು ಇಬ್ಬರೂ ಇಳಿದೆವು. ಸಮುದ್ರ ಎಲ್ಲೋ ದೂರದಲ್ಲಿತ್ತು. ಬಂಡೆಗಳ ಮೇಲೆ ಪೇಟೆ ಶಾಲೆಯ ಸಮವಸ್ತ್ರದಲ್ಲೇ ಏಳೆಂಟು ಮಕ್ಕಳು ಗುಂಡಿಯ ಸುತ್ತ ಮಂಡಿಯೂರಿದ್ದರು. ಬಸ್ಸಿನ ಹೊತ್ತಾಗಿತ್ತು. ದಡದಲ್ಲಿ ನಿಂತ ಮೀನುಗಾರ್ತಿಯೊಬ್ಬಳು, "ಬಸ್ ಹೋಗತೈತಿ, ಬರ್ರೋ," ಎಂದು ಕೂಗುತ್ತಲೇ ಇದ್ದಳು. ಒಬ್ಬರೂ ತಲೆ ಎತ್ತಲಿಲ್ಲ.

"ಕರೀಲೇನ್ರಿ, ಬಾಯಿ ಬಂದ್ರು ಅಂತ?" ಎಂದೆ.

ಬಾಯಿ ತಮ್ಮ ತುಟಿಯ ಮೇಲೆ ಬೆರಳಿಟ್ಟು, ಸೀರೆ ಎತ್ತಿ ಕಟ್ಟಿ, ಆ ಮಕ್ಕಳ ಹಿಂದೆ ಕೂತು ಅವರ ತಲೆಗಳ ನಡುವಿನಿಂದ ಇಣುಕಿದರು.