ಬೆರೆಸಿದ ಬೀಜ

ನಮ್ಮ ದೊಡ್ಡಮ್ಮನ ಬಾಯಿಗೆ ಊರಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ದೊಡ್ಡಪ್ಪನಂತೂ ಎದುರಾಡುವ ಆಸೆಯನ್ನೇ ಬಿಟ್ಟಿದ್ದರು. ಮಳೆಯನ್ನೇ ನಂಬಿದ ಹೊಲದಲ್ಲಿ ಬಿತ್ತನೆಯ ಮಾತು ಅವಳದ್ದೇ. ಜೋಳ, ತೊಗರಿ ಒಂದೇ ಪುಟ್ಟಿಯಲ್ಲಿ ಬೆರೆಸಿ, ಮಡಿಲಿಗೆ ಹಾಕಿಕೊಂಡು ಕೈಯಲ್ಲೇ ಚೆಲ್ಲುವಳು. ಒಂದು ಕೈಕೊಟ್ಟರೆ ಇನ್ನೊಂದಾದರೂ ಮನೆಗೆ ಬರುತ್ತದೆ ಎಂಬ ಲೆಕ್ಕ. ಸುಳ್ಳೇನಲ್ಲ, ಎಷ್ಟೋ ವರ್ಷ ಮನೆಯವರ ಹೊಟ್ಟೆ ತುಂಬಿಸಿದ್ದು ಅದೇ.

ದೊಡ್ಡಪ್ಪನಿಗೆ ಸಾಲು ಬೇಕಿತ್ತು. ಎರಡು ಸಾಲು ಜೋಳ, ಒಂದು ಸಾಲು ತೊಗರಿ ಹೀಗೆ ಜೋಡಿ ಎತ್ತು ಎಳೆಯುವ ಕೂರಿಗೆಯಲ್ಲಿ ಬಿತ್ತಿದರೆ ನಡುವೆ ಕುಂಟೆ ಹೊಡೆದು ಕಳೆ ತೆಗೆಯಬಹುದು, ಮಳೆ ನಿಂತರೆ ಜೋಳದ ಸಾಲು ಕೊಯ್ದು ಇರುವ ತೇವವನ್ನು ತೊಗರಿಗೆ ಬಿಡಬಹುದು ಎನ್ನುತ್ತಿದ್ದರು. ಹೊಲಕ್ಕೂ ಬೈತಲೆ ತೆಗೀತೀರಾ ಎಂದು ಅವಳು ನಕ್ಕು ಮಾತು ಮುಗಿಸಿದ್ದಳು.

ಆ ವರ್ಷ ಮೊದಲ ಬಿತ್ತನೆ ಅಲ್ಲಲ್ಲಿ ಮಾತ್ರ ಹುಟ್ಟಿತು. ಬಯಲಾದ ಕಡೆ ಅವಳು ಮತ್ತೆ ಜೋಳ ಚೆಲ್ಲಿದಳು. ಆಮೇಲೆ ಮಳೆ ಮುಖ ತೋರಿಸಲಿಲ್ಲ. ಜೋಳ ತೆನೆ ಕಟ್ಟುವುದಿಲ್ಲ ಎಂದು ಗೊತ್ತಾದಾಗ, ತೊಗರಿಯನ್ನಾದರೂ ಉಳಿಸಲು ಗಂಡ ಹೆಂಡತಿ ಹೊಲಕ್ಕಿಳಿದರು. ಕೊಯ್ಯಲು ಸಾಲೇ ಇರಲಿಲ್ಲ. ತೊಗರಿಯ ನಡುವೆ ಬಗ್ಗಿ ಜೋಳವನ್ನು ಒಂದೊಂದಾಗಿ ಕಿತ್ತರು.

ಬಾಡಿದ ಎಳೆ ಜೋಳ ದನಕ್ಕೆ ವಿಷ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ದೊಡ್ಡಮ್ಮ ಎತ್ತರದ್ದನ್ನು ಎತ್ತುಗಳ ಮೇವಿಗೆಂದು ಹೊರೆಗೆ ಸೇರಿಸಿ, ಮೊಣಕಾಲಿಗೆ ಬಾರದ್ದನ್ನು ಬದುವಿನ ಮೇಲೆ ಎಸೆಯುತ್ತಲೇ ಬಂದಳು. ಆದರೆ ಎರಡನೇ ಸಲ ಚೆಲ್ಲಿದ ಬೀಜ ಅತ್ತಿತ್ತ ಸಿಡಿದು, ಎಳೆಯ ಪೈರು ದೊಡ್ಡದರ ಬುಡದಲ್ಲೆಲ್ಲಾ ಸೇರಿಕೊಂಡಿತ್ತು. ಕತ್ತಲಾಗುತ್ತಿದ್ದಂತೆ ಕೈಗೆ ಬಂದದ್ದೆಲ್ಲಾ ಹೊರೆಯೊಳಗೆ ಹೋಯಿತು. ಮನೆಗೆ ಬಂದು ದೊಡ್ಡಪ್ಪ ಹೊರೆ ಬಿಚ್ಚಿ, ಜೋಡಿಯಲ್ಲಿ ಮೊದಲು ಎಡಗಡೆಯ ಎತ್ತಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಅದು ಉಸಿರಿಗೆ ಒದ್ದಾಡಿ, ಕಾಲು ನಡುಗಿ ಕುಸಿಯಿತು. ದನದ ಡಾಕ್ಟರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಇನ್ನೊಂದು ಎತ್ತು ಬರಿ ಗೋದಲಿಯ ಮುಂದೆ ನಿಂತಿತ್ತು.

ದೊಡ್ಡಪ್ಪ ಉಳಿದ ಹೊರೆಯನ್ನು ಹೊತ್ತೊಯ್ದು ತಿಪ್ಪೆಗೆ ಎಸೆದು ಬಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ, ನನಗಂತೂ ಅವರ ಆ ತಾಳ್ಮೆ ಕಂಡರೆ ಸಿಟ್ಟು ಬರುತ್ತಿತ್ತು. ಒಂಟಿ ಎತ್ತಿಗೆ ಜೋಡಿ ತರುವ ಶಕ್ತಿ ಮನೆಗೆ ಇರಲಿಲ್ಲ.

ಮುಂದಿನ ವರ್ಷ ಒಳ್ಳೆಯ ಹದ ಮಳೆ ಬಂತು. ದೊಡ್ಡಮ್ಮ ಜೋಳ, ತೊಗರಿ ಬೇರೆಬೇರೆ ಚೀಲಕ್ಕೆ ಹಾಕಿ ಗಂಡನ ಮುಂದಿಟ್ಟಳು.

"ಈ ಸಲ ನೀವು ಹೇಳಿದ ಹಾಗೇ ಸಾಲು ಹಾಕೋಣ ರೀ."

ಅವರು ಕೂರಿಗೆಗೆ ಜೋಡಿ ಎತ್ತು ಕೇಳಿಕೊಂಡು ಮನೆಮನೆ ಅಲೆದರು. ಎಲ್ಲರದ್ದೂ ಬಿತ್ತನೆ ನಡೆದಿತ್ತು, ತಮ್ಮ ಹೊಲದ ತೇವ ಆರುವ ಮುಂಚೆ ಯಾರು ಕೊಟ್ಟಾರು? ಅಷ್ಟು ದೊಡ್ಡ ಹೊಲದಲ್ಲಿ ಕೈಯಿಂದ ಸಾಲು ಹಿಡಿಯುವುದೂ ಆಗದ ಮಾತು. ವಾಪಸು ಬಂದವರು ಜಗುಲಿಯ ಮೇಲೆ ಕೂತು, ಅವಳ ಮುಖ ನೋಡದೆ ಹೇಳಿದರು.

"ಹದ ಹೋಗ್ತಾ ಇದೆ. ಬೆರೆಸಿಬಿಡು."

ಅವಳು ತೊಗರಿಯನ್ನು ಜೋಳದ ಮೇಲೆ ಸುರಿದು, ಎರಡೂ ಕೈಯಲ್ಲಿ ಕಲಸುತ್ತಾ ಬಿಕ್ಕಿಬಿಕ್ಕಿ ಅತ್ತಳು.